ಷರತ್ತುಗಳನ್ನು ಬಿಡಿಸುವ ಕೆಲಸ: ಚಂದಾ ರದ್ದತಿಯ ಭಾಗ ಮುಗಿಯಿತು

ಒಂದು ಚಂದಾ ಆ್ಯಪ್‌ನ ಉದ್ದನೆಯ ನಿಯಮ ಮತ್ತು ಷರತ್ತುಗಳನ್ನು ಭಾಗ ಭಾಗವಾಗಿ ಬಿಡಿಸುತ್ತಿದ್ದೇನೆ. ಪ್ರತಿ ಭಾಗಕ್ಕೆ ಒಂದು ತಲೆಬರಹ, ಅದರ ಕೆಳಗೆ ಒಂದೇ ಸಾಲಿನ ಸಾರಾಂಶ, ಅದರ ಕೆಳಗೆ ಮೂಲ ಪಠ್ಯ. ಈ ವಾರ ಹಣ ಪಾವತಿ ಮತ್ತು ರದ್ದತಿಯ ಭಾಗ ಮುಗಿಯಿತು. ಓದುಗರ ಜೇಬಿಗೆ ನೇರವಾಗಿ ತಟ್ಟುವ ಭಾಗ ಇದು, ಹಾಗಾಗಿ ವಿವರವಾಗಿ ಬರೆಯುತ್ತೇನೆ.

ಮೂಲದ 14.2ನೇ ಕಲಂ ಹೀಗಿದೆ: ‘ಚಾಲ್ತಿ ಅವಧಿ ಮುಗಿಯುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಬಳಕೆದಾರರು ರದ್ದುಪಡಿಸದ ಹೊರತು, ಚಂದಾ ಅಷ್ಟೇ ಅವಧಿಗೆ, ಆಗಿನ ದರದಲ್ಲಿ ತಾನಾಗಿ ನವೀಕರಣಗೊಳ್ಳತಕ್ಕದ್ದು, ಮತ್ತು 19.4ನೇ ಕಲಮಿನಲ್ಲಿ ಹೇಳಿದ ಸಂದರ್ಭ ಬಿಟ್ಟು, ಪಾವತಿಸಿದ ಶುಲ್ಕವನ್ನು ಮರಳಿಸತಕ್ಕದ್ದಲ್ಲ.’

ಇದಕ್ಕೆ ‘ಚಂದಾವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು’ ಎಂದು ಸಾರಾಂಶ ಬರೆದರೆ ಸುಳ್ಳೇನೂ ಅಲ್ಲ. ಆದರೆ ಅದನ್ನು ನಂಬಿದವರಿಗೆ ನಷ್ಟ ಖಂಡಿತ. ಅವಧಿ 30ನೇ ತಾರೀಖು ಬೆಳಿಗ್ಗೆ 10 ಗಂಟೆಗೆ ಮುಗಿಯುತ್ತದೆ ಅಂದುಕೊಳ್ಳಿ. 29ರ ರಾತ್ರಿ ನಿಲ್ಲಿಸಿದವರಿಗೆ ಮುಂದಿನ ಅವಧಿಯ ಹಣ ಹೋಗಿಯೇ ಹೋಗುತ್ತದೆ, ಗಡುವು 29ರ ಬೆಳಿಗ್ಗೆ 10ಕ್ಕೇ ಮುಗಿದಿತ್ತಲ್ವಾ? ಹೀಗಾಗಿ ಗಡುವು ಸಾರಾಂಶದಲ್ಲೇ ಬರಬೇಕು. ‘ಆಗಿನ ದರದಲ್ಲಿ’ ಎಂಬ ಸಣ್ಣ ಮಾತನ್ನೂ ಬಿಡುವಂತಿಲ್ಲ. ಬೆಲೆ ಏರಿದ್ದರೆ ಏರಿದ ಬೆಲೆಯನ್ನೇ ಕಟ್ಟಬೇಕು ಎನ್ನುವುದು ಅದರೊಳಗೇ ಇದೆ.

ಗಡುವು, ದರ, ರೀಫಂಡ್ ಮೂರನ್ನೂ ಒಂದೇ ಸಾಲಿಗೆ ತುರುಕಿದರೆ ಅದು ಮತ್ತೊಂದು ಕಲಂ ಆಗಿಬಿಡುತ್ತದೆ. ಅದಕ್ಕೆ ನಾನು ಇಟ್ಟುಕೊಂಡ ನಿಯಮ ಇಷ್ಟು: ಸಾರಾಂಶ ಒಂದು ಸಾಲಿಗೆ ಬಗ್ಗದಿದ್ದರೆ ಆ ಭಾಗದಲ್ಲಿ ಎರಡು ವಿಷಯ ಇದೆ ಎಂದರ್ಥ, ಸಾಲನ್ನು ಹಿಗ್ಗಿಸದೆ ಭಾಗವನ್ನೇ ಒಡೆಯಬೇಕು. ನಡುವೆ ‘ಮತ್ತು’ ಇದ್ದ ಕಡೆ 14.2ನ್ನು ಎರಡು ಮಾಡಿದೆ. ಮೂಲದ ಪದಗಳನ್ನು ಮಾತ್ರ ಮುಟ್ಟಿಲ್ಲ. ಕಲಂ ಸಂಖ್ಯೆಯನ್ನು ಎರಡೂ ಕಡೆ ಉಳಿಸಿದ್ದೇನೆ. ಬೇರೆ ಕಲಮುಗಳು ಇದನ್ನು ಸಂಖ್ಯೆಯಿಂದಲೇ ಕರೆಯುತ್ತವೆ, ಸಂಖ್ಯೆ ಬದಲಾದರೆ ಆ ಕೊಂಡಿಗಳೆಲ್ಲ ಕಳಚುತ್ತವೆ.

ಮೊದಲ ಅರ್ಧ ಈಗ ಹೀಗಿದೆ:

```html
<h2 id="s14-2a">ಚಂದಾ ತಾನಾಗಿ ಮುಂದುವರಿಯುವುದು</h2>
<p class="summary">ಅವಧಿ ಮುಗಿಯುವ 24 ಗಂಟೆ ಮೊದಲೇ
ನಿಲ್ಲಿಸದಿದ್ದರೆ, ಆಗಿನ ದರದಲ್ಲಿ ಮತ್ತೆ ಹಣ ಕಡಿತವಾಗುತ್ತದೆ.</p>
<p>14.2 ಚಾಲ್ತಿ ಅವಧಿ ...</p>
```

ತಲೆಬರಹಕ್ಕೆ ಬರೀ ದಪ್ಪ ಅಕ್ಷರ ಸಾಲದು, ನಿಜವಾದ `h2` ಬೇಕು. ಸ್ಕ್ರೀನ್ ರೀಡರ್ ಬಳಸುವವರು ತಲೆಬರಹದಿಂದ ತಲೆಬರಹಕ್ಕೆ ಜಿಗಿಯುವುದು ಅದರ ಮೂಲಕವೇ. ಮೂಲ ಪಠ್ಯವನ್ನು ‘ಇನ್ನಷ್ಟು ಓದಿ’ ಬಟನ್ ಹಿಂದೆ ಮುಚ್ಚಿಡಲೂ ಇಲ್ಲ. ಸಾರಾಂಶ ಸರಿಯಿದೆಯೇ ಎಂದು ನೋಡಲು ಕಣ್ಣು ಕೆಳಗಿಳಿಸಿದರೆ ಸಾಕು ಎನ್ನುವಂತಿರಬೇಕು.

ಎರಡನೇ ಅರ್ಧ, ಅಂದರೆ ರೀಫಂಡ್, ನಿಧಾನವಾಯಿತು. ‘19.4ನೇ ಕಲಮಿನಲ್ಲಿ ಹೇಳಿದ ಸಂದರ್ಭ ಬಿಟ್ಟು’ ಎಂಬುದನ್ನು ಹಾಗೇ ಸಾರಾಂಶಕ್ಕೆ ತಂದರೆ ಓದುಗರಿಗೆ ಏನೂ ಸಿಗುವುದಿಲ್ಲ. ಅಲ್ಲಿಗೆ ಹೋಗಿ ನೋಡಿದರೆ, ಕಂಪನಿಯೇ ಸೇವೆ ನಿಲ್ಲಿಸಿದಾಗ ಉಳಿದ ಅವಧಿಯ ಹಣ ಕೊಡಬೇಕು ಎಂದಿದೆ. ಆದ್ದರಿಂದ ಸಾಲು ಹೀಗಾಯಿತು: ‘ಕಟ್ಟಿದ ಹಣ ವಾಪಸ್ ಬರುವುದಿಲ್ಲ, ಕಂಪನಿಯೇ ಸೇವೆ ನಿಲ್ಲಿಸಿದರೆ ಮಾತ್ರ ಉಳಿದ ಅವಧಿಯದ್ದು ಬರುತ್ತದೆ.’ ಓದುಗರಿಗೆ ಅನುಕೂಲವಾಗುವ ವಿನಾಯಿತಿ ಸಾರಾಂಶದಲ್ಲಿ ಉಳಿಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾರಾಂಶಕ್ಕೂ ಮೂಲಕ್ಕೂ ತಾಳೆಯಾಗದಿದ್ದರೆ ಯಾವುದು ನಿಲ್ಲುತ್ತದೆ? ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗಳಲ್ಲಿ ಪೂರ್ತಿ ಕಾನೂನು ಪಠ್ಯ ಬೇರೆ, ಸಾಮಾನ್ಯರಿಗಾಗಿ ಬರೆದ ಚಿಕ್ಕ ಪುಟ ಬೇರೆ. ಆ ಚಿಕ್ಕ ಪುಟ ತಾನು ಲೈಸೆನ್ಸ್ ಅಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ನಾನೂ ಮೇಲ್ಗಡೆ ‘ಸಾರಾಂಶ ಅನುಕೂಲಕ್ಕೆ, ಅನ್ವಯವಾಗುವುದು ಪೂರ್ತಿ ಪಠ್ಯ’ ಎಂದು ಹಾಕಿದ್ದೇನೆ. ಹಾಗೆಂದು ಸಾರಾಂಶವನ್ನು ಸಡಿಲವಾಗಿ ಬರೆಯುವಂತಿಲ್ಲ. ಒಪ್ಪಂದದ ಮಾತು ಗೊಂದಲಮಯವಾಗಿದ್ದರೆ ಅದನ್ನು ಬರೆದ ಪಕ್ಷದ ವಿರುದ್ಧವೇ ಅರ್ಥ ಮಾಡುವ ಪದ್ಧತಿ ಹಲವು ದೇಶಗಳ ಕಾನೂನಿನಲ್ಲಿದೆ.

ಪರೀಕ್ಷೆಗೆ ಗೆಳತಿಯೊಬ್ಬಳಿಗೆ ತಲೆಬರಹ ಮತ್ತು ಸಾರಾಂಶ ಮಾತ್ರ ಕೊಟ್ಟು, ಆ 29ರ ರಾತ್ರಿಯ ಪ್ರಶ್ನೆ ಕೇಳಿದೆ. ‘ಅರ್ಥ ಆಯ್ತಾ’ ಎಂದು ಕೇಳಿದರೆ ಎಲ್ಲರೂ ಹೂಂ ಅಂತಾರೆ, ಲೆಕ್ಕ ಕೇಳಿದಾಗಲೇ ನಿಜ ತಿಳಿಯುವುದು. ‘ಹಣ ಹೋಗತ್ತೆ’ ಅಂದಳು. ಆಮೇಲೆ ಅವಳೇ ಕೇಳಿದಳು: ‘ಆ್ಯಪ್ ಡಿಲೀಟ್ ಮಾಡಿದ್ರೆ ರದ್ದಾದ ಹಾಗೇನಾ?’ ಇದಕ್ಕೆ ಉತ್ತರ 14.5ರಲ್ಲಿದೆ: ಇಲ್ಲ, ಖಾತೆಯ ಸೆಟ್ಟಿಂಗ್‌ಗೆ ಹೋಗಿಯೇ ನಿಲ್ಲಿಸಬೇಕು. ಅದು ಮೂರು ಕಲಂ ದೂರದಲ್ಲಿತ್ತು. ಈಗ ‘ರದ್ದು ಮಾಡುವ ಬಗೆ’ ಎಂಬ ತಲೆಬರಹ ಕೊಟ್ಟು, ಸಂಖ್ಯೆ ಬದಲಿಸದೆ 14.2ರ ಪಕ್ಕಕ್ಕೇ ತಂದಿದ್ದೇನೆ.

ಮುಂದಿನದು ಹೊಣೆಗಾರಿಕೆಯ ಮಿತಿಯ ಭಾಗ. ಅಲ್ಲಿ ಒಂದೇ ವಾಕ್ಯದಲ್ಲಿ ಮೂರು ‘ಹೊರತು’ಗಳಿವೆ. ಮೊದಲು ಅವನ್ನು ಬಿಡಿಸಿಕೊಳ್ಳುತ್ತೇನೆ.