ಒತ್ತು ಸರಿ, ಯಾವುದರ ಮೇಲೆ?

"ಸಾರ್, ಭಾಷಣದಲ್ಲಿ ಉತ್ತರ ಬೇಡದ ಪ್ರಶ್ನೆ ಯಾಕೆ ಕೇಳ್ತಾರೆ? ಹೇಳಿದ್ದನ್ನೇ ಯಾಕೆ ಮತ್ತೆ ಮತ್ತೆ ಹೇಳ್ತಾರೆ? 'ಒತ್ತು ಕೊಡೋಕೆ' ಅಂತ ಬರೆದರೆ ಸಾಕಲ್ವಾ?"

ಸಾಲದು. ಆ ಉತ್ತರ ಯಾವ ಭಾಷಣಕ್ಕಾದರೂ ಹೊಂದುತ್ತದೆ, ಅದೇ ಅದರ ತೊಂದರೆ. ಆ "ಸಾಕಲ್ವಾ" ಇನ್ನೂ ಜಾಸ್ತಿ ಕಿರಿಕಿರಿ. ಅದೂ ಉತ್ತರ ಬೇಡದ ಪ್ರಶ್ನೆಯೇ ತಾನೆ? ನನ್ನ ಬಾಯಲ್ಲಿ "ಸಾಕು" ಹೇಳಿಸುವುದಕ್ಕೆ ಕೇಳಿದ್ದು. ಮಾಡಲು ಬರುತ್ತದೆ, ವಿವರಿಸಲು ಮಾತ್ರ ಬೇಜಾರು!

ಫ್ರೆಡರಿಕ್ ಡಗ್ಲಸ್ 1852ರ ಜುಲೈ 5ರಂದು ಅಮೆರಿಕದ ರಾಚೆಸ್ಟರ್‌ನಲ್ಲಿ ಮಾಡಿದ ಭಾಷಣ ನೋಡಿ. ಡಗ್ಲಸ್ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು. ಅವರನ್ನು ಕರೆದದ್ದು ದೇಶದ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರ ಬಗ್ಗೆ ಮಾತಾಡಲು. ಕರೆದವರು ಗುಲಾಮಗಿರಿಯನ್ನು ವಿರೋಧಿಸುವ ಸಂಘದವರೇ.

ಮಧ್ಯದಲ್ಲಿ ಅವರು ಕೇಳುತ್ತಾರೆ: ಗುಲಾಮನೂ ಮನುಷ್ಯ ಅಂತ ನಾನು ಸಾಬೀತು ಮಾಡಬೇಕೇ?

ಇದನ್ನು ಸುಮ್ನೆ ಹೇಳಿಕೆ ಮಾಡಿ ಓದಿ. "ಗುಲಾಮನೂ ಮನುಷ್ಯ." ಇದು ಒಂದು ವಾದ. ಕೇಳುವವನು ತೀರ್ಪು ಕೊಡುವವನಂತೆ ಕೂತು ಒಪ್ಪಬಹುದು, ಬಿಡಬಹುದು. ಪ್ರಶ್ನೆಯಾದಾಗ ಆ ಕುರ್ಚಿ ಹೋಗುತ್ತದೆ. ಈ ಮಾತಿಗೂ ಪುರಾವೆ ಕೇಳುವ ಕಾಲ ಬಂತೇ ಅನ್ನುವ ನಾಚಿಕೆ ಕೇಳುವವನ ಪಾಲಿಗೆ ಬರುತ್ತದೆ. ಪರಿಣಾಮ ಅಂದರೆ ಇದು. ಇದನ್ನು ಬರೆಯಿರಿ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಪ್ರಶ್ನೆಯ ಮುಂದಿನ ವಾಕ್ಯದಲ್ಲಿ ಏನಿದೆ? ಡಗ್ಲಸ್ ಅಲ್ಲಿ ಮೌನ ಬಿಡುವುದಿಲ್ಲ. ಅದನ್ನು ಆಗಲೇ ಎಲ್ಲರೂ ಒಪ್ಪಿದ್ದಾರೆ ಅನ್ನುತ್ತಾರೆ. ಕಪ್ಪು ಮನುಷ್ಯ ಮಾಡಿದರೆ ಮರಣದಂಡನೆ ಸಿಗುವ 72 ಅಪರಾಧಗಳು ವರ್ಜೀನಿಯಾದಲ್ಲಿವೆ, ಬಿಳಿಯನಿಗೆ ಅವುಗಳಲ್ಲಿ ಎರಡಕ್ಕೆ ಮಾತ್ರ ಆ ಶಿಕ್ಷೆ ಅನ್ನುತ್ತಾರೆ. ತಪ್ಪಿಗೆ ಹೊಣೆ ಮಾಡಿ ಶಿಕ್ಷಿಸುವ ಕಾನೂನೇ ಅವನನ್ನು ಮನುಷ್ಯ ಅಂತ ಒಪ್ಪಿಕೊಂಡಂತಾಯಿತು. ಸಾಬೀತು ಮಾಡಲ್ಲ ಅಂತ ಹೇಳುತ್ತಲೇ ಸಾಬೀತು ಮಾಡಿ ಮುಗಿಸಿದರು.

ಇನ್ನು ಪುನರಾವರ್ತನೆ. ನಿಮ್ಮ ಜುಲೈ ನಾಲ್ಕು ಗುಲಾಮನಿಗೆ ಏನು ಅಂತ ಕೇಳಿ, ಅವರೇ ಉತ್ತರಿಸುತ್ತಾರೆ. ನಿಮ್ಮ ಸಂಭ್ರಮ ಬರೀ ಸೋಗು, ನಿಮ್ಮ ಸ್ವಾತಂತ್ರ್ಯ, ನಿಮ್ಮ ದೇಶದ ದೊಡ್ಡಸ್ತಿಕೆ, ಹೀಗೆ ಸಾಗುತ್ತದೆ. ವಿದ್ಯಾರ್ಥಿಗಳು "ನಿಮ್ಮ" ಎಷ್ಟು ಸಲ ಬಂತು ಅಂತ ಎಣಿಸುತ್ತಾರೆ. ಎಣಿಸಿ ಏನು ಮಾಡ್ತೀರಿ? ಪ್ರತಿ "ನಿಮ್ಮ" ಜಾಗದಲ್ಲಿ "ನಮ್ಮ" ಹಾಕಿ ಜೋರಾಗಿ ಓದಿ. ಹಬ್ಬವೊಂದು ಕೆಟ್ಟಿದೆ ಅನ್ನುವ ಒಳಗಿನವನ ದೂರು ಆಗಿಬಿಡುತ್ತದೆ. "ನಿಮ್ಮ" ಇದ್ದಾಗ ಮಾತಾಡುವವನು ಬಾಗಿಲ ಹೊರಗಿದ್ದಾನೆ. ಅದೇ ಭಾಷಣದಲ್ಲಿ ಅವರು ಸಭೆಯನ್ನು ಸಹನಾಗರಿಕರೇ ಅಂತಲೂ ಕರೆಯುತ್ತಾರೆ. ಕರೆದದ್ದು ಒಳಗಿನವನಂತೆ, ಮಾತು ಹೊರಗಿನವನದು. ಆ ಎರಡರ ಜಗ್ಗಾಟವೇ ಕೇಳುವವರನ್ನು ಚುಚ್ಚುತ್ತದೆ.

ಉತ್ತರ ಬೇಡದ ಪ್ರಶ್ನೆಯ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಸಭೆ ಮನಸ್ಸಿನಲ್ಲಿ ಬೇರೆ ಉತ್ತರ ಇಟ್ಟುಕೊಂಡಿದ್ದರೆ, ಹಿಂದಿನ ಸಾಲಿನಿಂದ ಒಬ್ಬ "ಹೌದು, ಸಾಬೀತು ಮಾಡಿ" ಅಂದರೆ ಸಾಕು, ಭಾಷಣ ಅಲ್ಲೇ ಮುಗ್ಗರಿಸುತ್ತದೆ. ಆ 72ರ ಲೆಕ್ಕ ಪ್ರಶ್ನೆಯ ಬೆನ್ನಿಗೇ ಯಾಕೆ ಬಂತು ಅಂತ ಈಗ ನೀವೇ ಬರೆಯಿರಿ.