ಬಾಟಲಿ ಮೇಲಿನ 0.1012 ನಂಬಿ ಪೆರಾಕ್ಸೈಡ್ ಪಾಸ್ ಮಾಡಿದ ದಿನ

ಬಟ್ಟೆ ಬ್ಲೀಚಿಂಗ್ ಘಟಕದ ನಮ್ಮ ಲ್ಯಾಬಿನಲ್ಲಿ ಟ್ಯಾಂಕರ್ ಬಂದ ಕೂಡಲೇ ಹೈಡ್ರೋಜನ್ ಪೆರಾಕ್ಸೈಡ್ ಪರೀಕ್ಷೆ ಆಗಬೇಕು. ಡ್ರೈವರ್ ಗೇಟಿನಲ್ಲಿ ನಿಂತಿರುತ್ತಾನೆ, ಸ್ಟೋರ್ಸಿನವರು ಐದು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಾರೆ. ಆ ದಿನ 1.2000 ಗ್ರಾಂ ಸ್ಯಾಂಪಲ್ ತೂಗಿ 100 ಎಂಎಲ್‌ಗೆ ಮಾಡಿ, ಅದರಲ್ಲಿ 10 ಎಂಎಲ್ ತೆಗೆದು, ಆಮ್ಲ ಹಾಕಿ ಪರ್ಮಾಂಗನೇಟ್ ಬಿಟ್ಟೆವು. 35.30 ಎಂಎಲ್ ಹಿಡಿಯಿತು. ಪರ್ಮಾಂಗನೇಟ್ ಬಾಟಲಿ ಮೇಲೆ ಅದರ ಶಕ್ತಿ 0.1012 N ಎಂದಿತ್ತು. ಲೆಕ್ಕ 50.6 ಶೇಕಡಾ ಬಂತು. ಕನಿಷ್ಠ 50 ಇದ್ದರೆ ಸಾಕು, ಲಾಟ್ ಪಾಸ್.

ಮೂರು ದಿನವಾದ ಮೇಲೆ ಬಟ್ಟೆಯ ಬಿಳುಪು ಸಾಲುತ್ತಿಲ್ಲ ಎಂದು ಬ್ಲೀಚಿಂಗ್ ಸೂಪರ್‌ವೈಸರ್ ಬಂದು ನಿಂತರು. "ಪೆರಾಕ್ಸೈಡ್ ಚೆನ್ನಾಗಿದೆ ಅಣ್ಣ, 50.6 ಇದೆ, ನಿಮ್ಮ ಬಾತ್ ನೋಡಿಕೊಳ್ಳಿ" ಎಂದು ಅವರನ್ನು ವಾಪಸ್ ಕಳಿಸಿದೆ. ತಪ್ಪು ನನ್ನದೇ ಆಗಿತ್ತು. ಆಗ ಪರ್ಮಾಂಗನೇಟ್ ಬಾಟಲಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಿದ್ದರೆ ಸಾಕಿತ್ತು. ಕಿಟಕಿ ಪಕ್ಕ ಇಟ್ಟಿದ್ದ ಬಿಳಿ ಗಾಜಿನ ಬಾಟಲಿ, ಒಳಗೋಡೆಯ ಮೇಲೆ ಕಂದು ಪೊರೆ, ತಳದಲ್ಲಿ ಕಂದು ಗಸಿ. ಫ್ಯಾಕ್ಟರ್, ಅಂದರೆ ಆ 0.1012 ಎಂಬ ಅಂಕಿ, ಹಾಕಿ ಮೂರು ವಾರವಾಗಿತ್ತು.

ದ್ರಾವಣವನ್ನು ಮತ್ತೆ ಸ್ಟ್ಯಾಂಡರ್ಡೈಸ್ ಮಾಡಿದಾಗ, ಅಂದರೆ ತೂಗಿದ ಸೋಡಿಯಂ ಆಕ್ಸಲೇಟ್ ಎದುರು ಅದರ ಶಕ್ತಿಯನ್ನು ಅಳೆದಾಗ, ಅದು 0.0988 N. ಅದೇ 35.30 ಎಂಎಲ್‌ಗೆ ಈ ಅಂಕಿ ಹಾಕಿದರೆ ಪೆರಾಕ್ಸೈಡ್ 49.4 ಶೇಕಡಾ. ಪಾಸ್ ಮಾಡಬಾರದಿದ್ದ ಲಾಟ್ ಅದು.

ಈ ತಪ್ಪು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು ಮುಖ್ಯ. ದ್ರಾವಣದ ಶಕ್ತಿ ಕುಗ್ಗಿದಂತೆ ಅಷ್ಟೇ ಪೆರಾಕ್ಸೈಡ್‌ಗೆ ಹೆಚ್ಚು ಎಂಎಲ್ ಬೇಕಾಗುತ್ತದೆ. ಆ ಹೆಚ್ಚಿನ ಎಂಎಲ್ ಅನ್ನು ಹಳೆಯ ದೊಡ್ಡ ಫ್ಯಾಕ್ಟರ್‌ನಿಂದ ಗುಣಿಸಿದರೆ ಸ್ಯಾಂಪಲ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಫಲಿತಾಂಶ ಕಡಿಮೆ ಬಂದರೆ ಎಲ್ಲರೂ ಎರಡನೇ ಸಲ ಮಾಡುತ್ತಾರೆ. ಚೆನ್ನಾಗಿ ಬಂದದ್ದನ್ನು ಯಾರೂ ಅನುಮಾನಿಸುವುದಿಲ್ಲ, ಹಾಗಾಗಿ ಈ ತಪ್ಪು ವಾರಗಟ್ಟಲೆ ಹಾಗೇ ಉಳಿಯುತ್ತದೆ.

ಇನ್ನು ಶಕ್ತಿ ಕುಗ್ಗುವುದು ಯಾಕೆ? ಪರ್ಮಾಂಗನೇಟ್ ನೀರನ್ನೇ ಆಕ್ಸಿಡೈಸ್ ಮಾಡುವಷ್ಟು ಬಲವುಳ್ಳದ್ದು. ಶುದ್ಧ ನೀರಿನಲ್ಲಿ, ಕತ್ತಲಲ್ಲಿ ಈ ಕ್ರಿಯೆ ತೀರಾ ನಿಧಾನ, ಅದಕ್ಕೇ ದ್ರಾವಣವನ್ನು ಇಟ್ಟುಕೊಂಡು ಬಳಸಲು ಆಗುತ್ತದೆ.

```
4MnO4- + 2H2O → 4MnO2 + 3O2 + 4OH-
```

ಇಲ್ಲಿ ಹುಟ್ಟುವ ಮ್ಯಾಂಗನೀಸ್ ಡೈಆಕ್ಸೈಡ್, ಅಂದರೆ ಆ ಕಂದು ಗಸಿ, ಇದೇ ಕ್ರಿಯೆಗೆ ವೇಗವರ್ಧಕ. ಒಮ್ಮೆ ಸ್ವಲ್ಪ ಹುಟ್ಟಿತೆಂದರೆ ಮುಂದಿನದು ಇನ್ನೂ ಬೇಗ ಹುಟ್ಟುತ್ತದೆ. ಬೆಳಕು, ಶಾಖ, ಆಮ್ಲ, ಕ್ಷಾರ ಎಲ್ಲವೂ ಇದನ್ನು ಚುರುಕು ಮಾಡುತ್ತವೆ. ಮೊದಲ ಗಸಿ ಎರಡು ಕಡೆಯಿಂದ ಬರುತ್ತದೆ. ಪರ್ಮಾಂಗನೇಟ್ ಹರಳಿನಲ್ಲೇ ಚೂರು ಡೈಆಕ್ಸೈಡ್ ಇರುತ್ತದೆ. ಜೊತೆಗೆ ಡಿಸ್ಟಿಲ್ಡ್ ವಾಟರ್‌ನಲ್ಲಿರುವ ಸಾವಯವ ಕಶ್ಮಲ ಮತ್ತು ಧೂಳನ್ನು ಪರ್ಮಾಂಗನೇಟ್ ತಿಂದು ಇನ್ನಷ್ಟು ಉಂಟುಮಾಡುತ್ತದೆ. ಈ ಕಾರಣಕ್ಕೇ 3.1607 ಗ್ರಾಂ ತೂಗಿ ಒಂದು ಲೀಟರ್ ಮಾಡಿದೆ, ಇದು 0.1000 N ಎಂದು ಬರೆಯುವ ಹಾಗಿಲ್ಲ. ಎಷ್ಟೇ ಒಳ್ಳೆಯ ಬ್ಯಾಲೆನ್ಸ್ ಇದ್ದರೂ ಆ ಅಂಕಿ ನಿಲ್ಲುವುದಿಲ್ಲ.

ನಮ್ಮ ಲ್ಯಾಬಿನಲ್ಲಿ ನಿಜವಾದ ಹಾನಿ ಮಾಡಿದ್ದು ಎರಡು ಅಭ್ಯಾಸ. ಬಾಟಲಿ ಖಾಲಿಯಾಗುತ್ತಾ ಬಂದಾಗ ಹಳೆಯದರ ಮೇಲೆಯೇ ಹೊಸದನ್ನು ಸುರಿಯುತ್ತಿದ್ದರು. ಒಳಗಿನ ಕಂದು ಪೊರೆ ಹೊಸ ದ್ರಾವಣವನ್ನು ಮೊದಲ ದಿನದಿಂದಲೇ ಒಡೆಯುತ್ತಿತ್ತು. ಬ್ಯೂರೆಟ್‌ನಲ್ಲಿ ಉಳಿದದ್ದನ್ನೂ ಅದೇ ಬಾಟಲಿಗೆ ವಾಪಸ್ ಹಾಕುತ್ತಿದ್ದರು. ಇದರ ಮೇಲೆ, ಫ್ಯಾಕ್ಟರ್ ಒಂದು ತಿಂಗಳು ನಡೆಯುತ್ತದೆ ಎಂದು ಎಸ್‌ಒಪಿಯಲ್ಲಿ ಬರೆದಿತ್ತು. ಅದನ್ನು ಬರೆದವರು ಕಂದು ಬಾಟಲಿಯನ್ನೂ ಕತ್ತಲ ಕಪಾಟನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅವೆರಡನ್ನೂ ಕೇಳಿದಾಗ ಮ್ಯಾನೇಜ್‌ಮೆಂಟ್ ಮುಂದಿನ ಬಜೆಟ್ ಎಂದಿತು. ಒಂದು ತಿಂಗಳು ಎಂಬ ಸಾಲನ್ನು ಮಾತ್ರ ಆಡಿಟ್‌ಗೆ ತೋರಿಸುತ್ತಾ ಬಂದೆವು.

ಈಗ ದ್ರಾವಣ ಮಾಡುವ ರೀತಿ ಹೀಗಿದೆ. ಸುಮಾರು 3.2 ಗ್ರಾಂ ಪರ್ಮಾಂಗನೇಟನ್ನು ಒಂದು ಲೀಟರ್‌ಗಿಂತ ತುಸು ಹೆಚ್ಚು ನೀರಿನಲ್ಲಿ ಕರಗಿಸಿ, ವಾಚ್ ಗ್ಲಾಸ್ ಮುಚ್ಚಿ, ಒಂದು ಗಂಟೆ ಸಣ್ಣಗೆ ಕುದಿಸುತ್ತೇವೆ. ನೀರಿನಲ್ಲಿರುವ ಕಶ್ಮಲವೆಲ್ಲ ಆಗಲೇ ತೀರಿಹೋಗಬೇಕು. ಕುದಿಸಲು ಅಷ್ಟು ಹೊತ್ತು ಇಲ್ಲದಿದ್ದರೆ 15 ನಿಮಿಷ ಕುದಿಸಿ ಎರಡು ದಿನ ಕತ್ತಲಲ್ಲಿ ಬಿಡಬಹುದು. ತಣಿದ ಮೇಲೆ G4 ಸಿಂಟರ್ಡ್ ಗ್ಲಾಸ್‌ನಲ್ಲಿ ಸೋಸುತ್ತೇವೆ. ಫಿಲ್ಟರ್ ಪೇಪರ್ ಮುಟ್ಟಿಸಬಾರದು. ಅದು ಸೆಲ್ಯುಲೋಸ್, ಪರ್ಮಾಂಗನೇಟ್ ಅದನ್ನು ತಿಂದು ಅಲ್ಲೇ ಹೊಸ ಗಸಿ ಮಾಡುತ್ತದೆ. ಬಾಟಲಿಯ ಪೊರೆ ಆಕ್ಸಾಲಿಕ್ ಆಮ್ಲ ಮತ್ತು ತೆಳು ಸಲ್ಫ್ಯೂರಿಕ್ ಆಮ್ಲದ ಬೆಚ್ಚನೆಯ ಮಿಶ್ರಣದಲ್ಲಿ ಹೋಗುತ್ತದೆ. ಆಮೇಲೆ ಅದನ್ನು ಚೆನ್ನಾಗಿ ತೊಳೆಯದಿದ್ದರೆ ಉಳಿದ ಆಕ್ಸಾಲಿಕ್ ಆಮ್ಲವೇ ಹೊಸ ದ್ರಾವಣವನ್ನು ತಿನ್ನುತ್ತದೆ. ಗಾಜಿನ ಬಿರಡೆಯ ಕಂದು ಬಾಟಲಿ, ಮುಚ್ಚಿದ ಕಪಾಟು. ಸೋಸಿದ ಮೇಲೆಯೇ ಸ್ಟ್ಯಾಂಡರ್ಡೈಸ್ ಮಾಡಬೇಕು, ಮೊದಲಲ್ಲ.

ಸ್ಟ್ಯಾಂಡರ್ಡೈಸ್ ಮಾಡಲು ಸೋಡಿಯಂ ಆಕ್ಸಲೇಟೇ ಯಾಕೆ ಅಂದರೆ, ಅದರಲ್ಲಿ ಹರಳಿನ ನೀರಿಲ್ಲ, ಗಾಳಿಯ ತೇವವನ್ನೂ ಹೀರುವುದಿಲ್ಲ. 105ರಿಂದ 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ ತಣಿಸಿ ತೂಗಿದರೆ ಆ ತೂಕವನ್ನು ನಂಬಬಹುದು. ಕಾಲೇಜು ಲ್ಯಾಬಿನಲ್ಲಿ ಬಳಸುವ ಆಕ್ಸಾಲಿಕ್ ಆಮ್ಲದ ಹರಳಿನಲ್ಲಿ ನೀರಿದೆ, ಒಣ ಹವೆಯಲ್ಲಿ ಅದು ಹೋಗುತ್ತದೆ, ತೂಕದ ಅರ್ಥವೇ ಬದಲಾಗುತ್ತದೆ.

ಮರು ಸ್ಟ್ಯಾಂಡರ್ಡೈಸೇಷನ್ ದಿನವೇ ಇನ್ನೊಂದು ತೊಡಕು ಬಂತು. ಒಂದೇ ಬಾಟಲಿ, ಇಬ್ಬರು ಅನಾಲಿಸ್ಟ್‌ಗಳು. ಒಬ್ಬರಿಗೆ 0.0988, ಇನ್ನೊಬ್ಬರಿಗೆ 0.0993. ಸರಾಸರಿ ತೆಗೆದು ಬರೆದುಬಿಡೋಣ ಎಂಬ ಮಾತು ಬಂತು. ಬೇಡ ಎಂದು ಇಬ್ಬರ ಬೆಂಚನ್ನೂ ನೋಡಿದೆ. 0.0993 ಬಂದವರು ಆಕ್ಸಲೇಟ್ ಮತ್ತು ಆಮ್ಲದ ಫ್ಲಾಸ್ಕನ್ನು ಹಾಟ್ ಪ್ಲೇಟ್ ಮೇಲಿಟ್ಟು, ಅದು ಕುದಿಯುತ್ತಿರುವಾಗ ಬ್ಯೂರೆಟ್ ತುಂಬಲು ಹೋಗಿದ್ದರು. ಬಿಸಿ ಆಮ್ಲದಲ್ಲಿ ಆಕ್ಸಾಲಿಕ್ ಆಮ್ಲ ತಾನೇ ಒಡೆದು ಕಾರ್ಬನ್ ಮೊನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಇರಬೇಕಾದ ಆಕ್ಸಲೇಟ್ ಕಡಿಮೆಯಾದಾಗ ಪರ್ಮಾಂಗನೇಟ್ ಕಡಿಮೆ ಹಿಡಿಯುತ್ತದೆ, ಲೆಕ್ಕದಲ್ಲಿ ಅದರ ಶಕ್ತಿ ಹೆಚ್ಚು ಎಂದು ಬರುತ್ತದೆ. ಇದೂ ಹಳೆಯ ಲೇಬಲ್‌ನ ದಿಕ್ಕಿನದೇ ತಪ್ಪು, ಸ್ಯಾಂಪಲನ್ನು ಚೆನ್ನಾಗಿ ತೋರಿಸುವಂಥದ್ದು.

ಕುದಿಸದೆ, ಮೊದಲಿಂದ ಕೊನೆವರೆಗೆ ಬಿಸಿಯಲ್ಲೇ ನಿಧಾನವಾಗಿ ಹನಿಸುವ ಹಳೆಯ ಪದ್ಧತಿಯಲ್ಲೂ ಈ ಚಿಕ್ಕ ಏರಿಕೆ ಬರುತ್ತದೆ. 1935ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಫೌಲರ್ ಮತ್ತು ಬ್ರೈಟ್ ಇದನ್ನು ಪರಿಶೀಲಿಸಿ, ಹೆಚ್ಚು ಪಾಲನ್ನು ತಣ್ಣಗಿರುವಾಗಲೇ ಒಟ್ಟಿಗೆ ಬಿಡುವ ಪದ್ಧತಿ ಕೊಟ್ಟರು. ನಾವು ಈಗ ಅದನ್ನೇ ಮಾಡುತ್ತೇವೆ.

950 ಎಂಎಲ್ ನೀರಿಗೆ 50 ಎಂಎಲ್ ಗಾಢ ಸಲ್ಫ್ಯೂರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವೇ ಸುರಿದು, 10ರಿಂದ 15 ನಿಮಿಷ ಕುದಿಸಿ, 25ರಿಂದ 30 ಡಿಗ್ರಿಗೆ ತಣಿಸಿಕೊಳ್ಳಬೇಕು. 600 ಎಂಎಲ್ ಬೀಕರ್‌ನಲ್ಲಿ ಇದರ 250 ಎಂಎಲ್‌ಗೆ ಆಕ್ಸಲೇಟ್ ಹಾಕಿ ಪೂರ್ತಿ ಕರಗಿಸಬೇಕು. ಆಮ್ಲ ಸಲ್ಫ್ಯೂರಿಕ್ಕೇ ಆಗಬೇಕು. ಹೈಡ್ರೋಕ್ಲೋರಿಕ್ ಆದರೆ ಕ್ಲೋರೈಡನ್ನೂ ಪರ್ಮಾಂಗನೇಟ್ ಆಕ್ಸಿಡೈಸ್ ಮಾಡುತ್ತದೆ, ನೈಟ್ರಿಕ್ ಆದರೆ ಅದೇ ಆಕ್ಸಿಡೈಸ್ ಮಾಡಲು ಹೊರಡುತ್ತದೆ.

ನಮ್ಮ ಮೊದಲ ರೀಡಿಂಗ್‌ನಲ್ಲಿ ಆಕ್ಸಲೇಟ್ 0.2010 ಗ್ರಾಂ. ದ್ರಾವಣ ಸರಿಯಾಗಿ 0.1 N ಇದ್ದರೆ 30.0 ಎಂಎಲ್ ಹಿಡಿಯಬೇಕು. ಅದರ ಶೇಕಡಾ 90, ಅಂದರೆ 27 ಎಂಎಲ್, ಸುಮಾರು ಒಂದು ನಿಮಿಷದಲ್ಲಿ ಕಲಕುತ್ತಾ ಬಿಟ್ಟುಬಿಡಬೇಕು. ಬೀಕರ್ ಪೂರ್ತಿ ನೇರಳೆಯಾಗುತ್ತದೆ. ಹೊಸಬರು ಇಲ್ಲಿ ಹೆದರುತ್ತಾರೆ. "ಸರ್, ಕಲರ್ ಹೋಗ್ತಾನೇ ಇಲ್ಲ, ಓವರ್ ಆಯ್ತು" ಎಂದು ಒಬ್ಬ ಹುಡುಗ ಬೀಕರ್ ಚೆಲ್ಲಲು ಹೊರಟಿದ್ದ. ಈ ಕ್ರಿಯೆಯನ್ನು ನಡೆಸುವುದು ಅದರಿಂದಲೇ ಹುಟ್ಟುವ ಮ್ಯಾಂಗನೀಸ್ ಅಯಾನು. ಮೊದಲಿಗೆ ಅದು ಇರುವುದಿಲ್ಲ, ಆದ್ದರಿಂದ ಬಣ್ಣ ನಿಲ್ಲುತ್ತದೆ. ಸ್ವಲ್ಪ ಹುಟ್ಟಿದ ಮೇಲೆ ಉಳಿದದ್ದು ತಾನಾಗಿ ನಡೆದು, ಮುಕ್ಕಾಲು ನಿಮಿಷದ ಹೊತ್ತಿಗೆ ಬೀಕರ್ ತಿಳಿಯಾಗುತ್ತದೆ.

ಬಣ್ಣ ಹೋದ ಮೇಲೆಯೇ 55ರಿಂದ 60 ಡಿಗ್ರಿಗೆ ಬಿಸಿ ಮಾಡಿ ಉಳಿದದ್ದನ್ನು ನಿಧಾನವಾಗಿ ಮುಗಿಸಬೇಕು. ಕೊನೆಯ ಒಂದು ಎಂಎಲ್ ಹನಿಹನಿಯಾಗಿ, ಒಂದು ಹನಿಯ ಬಣ್ಣ ಪೂರ್ತಿ ಹೋದ ಮೇಲೆ ಮುಂದಿನ ಹನಿ. ತಿಳಿ ಗುಲಾಬಿ 30 ಸೆಕೆಂಡ್ ನಿಂತರೆ ಅದೇ ಎಂಡ್ ಪಾಯಿಂಟ್. ಆಮೇಲೆ ಮಾಸಿದರೆ ಇನ್ನೊಂದು ಹನಿ ಹಾಕಬೇಡಿ. ಮಿಕ್ಕ ಪರ್ಮಾಂಗನೇಟ್ ಈಗಾಗಲೇ ತುಂಬಿರುವ ಮ್ಯಾಂಗನೀಸ್ ಅಯಾನಿನ ಜೊತೆ ಸಾವಕಾಶ ಕ್ರಿಯೆ ನಡೆಸುತ್ತದೆ, ಹಾಗಾಗಿ ಆ ಗುಲಾಬಿ ಹೇಗೂ ಮಾಸುವುದೇ. ಬಣ್ಣ ಗಾಢವಾಗಿರುವುದರಿಂದ ಬ್ಯೂರೆಟ್‌ನಲ್ಲಿ ದ್ರಾವಣದ ಮೇಲಂಚನ್ನು ಓದಬೇಕು, ಆರಂಭದಲ್ಲೂ ಕೊನೆಯಲ್ಲೂ ಅದನ್ನೇ.

ನಮಗೆ 30.40 ಎಂಎಲ್ ಬಂತು. ಆಕ್ಸಲೇಟ್ ಇಲ್ಲದ ಅಷ್ಟೇ ಆಮ್ಲಕ್ಕೆ ಅದೇ ಗುಲಾಬಿ ಬರಲು 0.03 ಎಂಎಲ್ ಬೇಕಾಯಿತು, ಅದು ಬ್ಲಾಂಕ್.

```
N = (0.2010 × 1000) / (67.00 × (30.40 − 0.03)) = 0.0988
```

0.2034 ಗ್ರಾಂಗೆ ಬ್ಲಾಂಕ್ ಕಳೆದು 30.73, 0.1987 ಗ್ರಾಂಗೆ 30.02. ಮೂರೂ 0.0988. ಮೂರರ ನಡುವೆ ಸಾವಿರಕ್ಕೆ ಎರಡಕ್ಕಿಂತ ಹೆಚ್ಚು ಅಂತರ ಬಂದರೆ ಸರಾಸರಿ ತೆಗೆಯುವುದಿಲ್ಲ, ಹೊಸದಾಗಿ ತೂಗುತ್ತೇವೆ.

ಟೈಟ್ರೇಷನ್ ನಡುವೆ ಬೀಕರ್ ಕಂದು ಬಣ್ಣಕ್ಕೆ ತಿರುಗಿದರೆ ಆಮ್ಲ ಸಾಲದು, ಅಥವಾ ಬಿಸಿಯಲ್ಲಿ ಕಲಕದೆ ವೇಗವಾಗಿ ಬಿಟ್ಟಿದ್ದೀರಿ. ಪರ್ಮಾಂಗನೇಟ್ ಪೂರ್ತಿ ಮ್ಯಾಂಗನೀಸ್ ಅಯಾನಿಗೆ ಇಳಿಯದೆ ಡೈಆಕ್ಸೈಡ್‌ನಲ್ಲೇ ನಿಂತಿದೆ. ಐದು ಎಲೆಕ್ಟ್ರಾನ್ ತೆಗೆದುಕೊಳ್ಳುವ ಕಡೆ ಮೂರೇ ತೆಗೆದುಕೊಂಡಿರುವುದರಿಂದ ಹೆಚ್ಚು ಎಂಎಲ್ ಹಿಡಿದು ಫ್ಯಾಕ್ಟರ್ ಕಡಿಮೆ ಬರುತ್ತದೆ. ಬಿಸಿ ಮಾಡಿದರೆ ಕಂದು ಕರಗಬಹುದು, ಆದರೂ ಆ ರೀಡಿಂಗ್ ಬಳಸದೆ ಚೆಲ್ಲಿಬಿಡಿ.

ಎಸ್‌ಒಪಿಯ ಒಂದು ತಿಂಗಳ ಸಾಲನ್ನು ಹೊಡೆಸಿದ್ದೇವೆ. ವಾರಕ್ಕೊಮ್ಮೆ ಒಂದು ಆಕ್ಸಲೇಟ್ ರೀಡಿಂಗ್, ವ್ಯತ್ಯಾಸ ಸಾವಿರಕ್ಕೆ ಎರಡು ದಾಟಿದರೆ ಮೂರು ರೀಡಿಂಗ್ ತೆಗೆದು ಹೊಸ ಫ್ಯಾಕ್ಟರ್. ತಳದಲ್ಲಿ ಗಸಿ ಕಂಡರೆ ವಾರ ಕಾಯುವುದಿಲ್ಲ, ಮತ್ತೆ ಸೋಸಿ ಸ್ಟ್ಯಾಂಡರ್ಡೈಸ್ ಮಾಡುತ್ತೇವೆ. 0.01 N ಬೇಕಾದಾಗ ಅದೇ ದಿನ 0.1 Nನಿಂದ ತೆಳುಮಾಡಿ, ಸಂಜೆ ಉಳಿದದ್ದನ್ನು ಚೆಲ್ಲುತ್ತೇವೆ. ಲೇಬಲ್ ಮೇಲೆ ಈಗ ಫ್ಯಾಕ್ಟರ್ ಪಕ್ಕದಲ್ಲೇ ಸೋಸಿದ ದಿನಾಂಕ ಮತ್ತು ಕೊನೆಯ ಆಕ್ಸಲೇಟ್ ರೀಡಿಂಗ್‌ನ ದಿನಾಂಕ ಇರುತ್ತದೆ. ಟ್ಯಾಂಕರ್ ಗೇಟಿನಲ್ಲಿದ್ದರೂ ಬ್ಯೂರೆಟ್ ತುಂಬುವ ಮುಂಚೆ ಆ ಎರಡನ್ನೂ ರಿಜಿಸ್ಟರ್‌ಗೆ ಬರೆದುಕೊಳ್ಳಬೇಕು.