ಮೂರನೆಯ ಬಾಯಿಗೂ ಉಳಿಯುವ ಹೆಸರು

ಮದುವೆ ಹಾಲ್‌ನ ಹೆಸರನ್ನು ಓದಿಕೊಂಡು ಬರುವವರಿಗಿಂತ ಕೇಳಿಕೊಂಡು ಬರುವವರೇ ಹೆಚ್ಚು. ಆಮಂತ್ರಣ ಪತ್ರಿಕೆ ಮನೆಗೆ ಒಂದೇ, ಅದೂ ಹೊರಡುವ ಹೊತ್ತಿಗೆ ಮೇಜಿನ ಮೇಲೆ ಉಳಿದಿರುತ್ತದೆ. ಪತ್ರಿಕೆ ಓದಿದವರು ಮನೆಯವರಿಗೆ ಹೇಳುತ್ತಾರೆ, ಮನೆಯವರು ಗಾಡಿ ಓಡಿಸುವವನಿಗೆ ಹೇಳುತ್ತಾರೆ, ಅವನು ತಿರುವಿನಲ್ಲಿ ನಿಂತವರನ್ನು ಕೇಳುತ್ತಾನೆ. ಹೀಗೆ ಹೆಸರು ಮೂರು ಬಾಯಿ ದಾಟುತ್ತದೆ. ಮೂರನೆಯ ಬಾಯಿಯಲ್ಲಿ ಏನು ಉಳಿಯಿತೋ ಹಾಲ್‌ಗೆ ಅದೇ ಹೆಸರು, ಬೋರ್ಡಿನ ಮೇಲೆ ಏನೇ ಬರೆದಿರಲಿ.

ಹೆಸರು ಇಡುವ ಮುಂಚೆ ಇದನ್ನು ಒಂದೇ ದಿನದಲ್ಲಿ ಪರೀಕ್ಷೆ ಮಾಡಿ ನೋಡಬಹುದು. ಖರ್ಚೆಂದರೆ ಫೋನ್ ಮಾತು ಅಷ್ಟೇ. ಕಟ್ಟಡ ಮುಗಿಯುತ್ತಾ ಬಂದ ಒಂದು ಹಾಲ್ ಇದೆ, ಮುಂಭಾಗದಲ್ಲಿ ಸಾಲಾಗಿ ಏಳು ಕಂಬಗಳಿವೆ ಎಂದುಕೊಳ್ಳೋಣ. ಮನೆಯವರ ಮುಂದೆ ಮೂರು ಹೆಸರುಗಳಿವೆ. ಹಿರಿಯರಿಗೆ ಹಿಡಿಸಿದ್ದು ‘ಸೌಭಾಗ್ಯ ವೈಭವ ಕನ್ವೆನ್ಷನ್ ಹಾಲ್’, ಮಗಳು ಹೇಳಿದ್ದು ‘ಅಂಗಳ’. ಮೂರನೆಯದನ್ನು ಯಾರೂ ಹೆಸರೆಂದು ಯೋಚಿಸಿರಲಿಲ್ಲ. ಇಟ್ಟಿಗೆ, ಮರಳು ತರುವ ಲಾರಿಯವರು ಆ ಜಾಗವನ್ನು ಕರೆಯುತ್ತಿದ್ದದ್ದೇ ಹಾಗೆ: ‘ಏಳು ಕಂಬ’.

ಒಂದೊಂದು ಹೆಸರಿಗೆ ನಾಲ್ಕು ಸರಪಳಿ, ಒಂದೊಂದು ಸರಪಳಿಯಲ್ಲಿ ಮೂವರು. ಮೂರು ಹೆಸರಿಗೆ ಒಟ್ಟು 36 ಜನ ಬೇಕು. ಹಾಲ್ ಕಟ್ಟಿಸುವ ಮನೆಗೆ ಅಷ್ಟು ನೆಂಟರು, ಪರಿಚಯದವರು ಇದ್ದೇ ಇರುತ್ತಾರೆ. ಒಬ್ಬರ ಕಿವಿಗೆ ಒಂದೇ ಹೆಸರು ಬೀಳಬೇಕು. ಮೂರನ್ನೂ ಕೇಳಿಸಿದರೆ ಅವರು ‘ಯಾವುದು ಚೆನ್ನಾಗಿದೆ’ ಎಂದು ತೀರ್ಪು ಕೊಡಲು ಕೂರುತ್ತಾರೆ. ನಮಗೆ ಬೇಕಾದದ್ದು ಅವರ ಅಭಿರುಚಿ ಅಲ್ಲ, ಮರೆವು.

ಬೆಳಿಗ್ಗೆ ಮೊದಲನೆಯವರಿಗೆ ಫೋನ್ ಮಾಡಿ ಒಂದೇ ಸಲ ಹೇಳಬೇಕು: “ಭಾನುವಾರ ಮದುವೆ ಇದೆ, ಏಳು ಕಂಬದಲ್ಲಿ. ಬನ್ನಿ.” ಅಕ್ಷರ ಬಿಡಿಸಿ ಹೇಳಬಾರದು, ಮೆಸೇಜ್ ಕಳಿಸಬಾರದು. ಅವರು ಎರಡು ಗಂಟೆ ಬಿಟ್ಟು ಎರಡನೆಯವರಿಗೆ ಫೋನಿನಲ್ಲೇ ಹೇಳಬೇಕು, ಆದಷ್ಟೂ ಬೀದಿಯಲ್ಲೋ ಗಾಡಿಯಲ್ಲೋ ಇರುವಾಗ. ಎರಡನೆಯವರು ಸಂಜೆ ಮೂರನೆಯವರಿಗೆ ಹೇಳುತ್ತಾರೆ. ರಾತ್ರಿ ಮೂರನೆಯವರಿಗೆ ಎರಡೇ ಕೆಲಸ: ಮದುವೆ ಎಲ್ಲಿ ಎಂದು ಬಾಯಲ್ಲಿ ಹೇಳುವುದು, ಆಮೇಲೆ ಮ್ಯಾಪಿನಲ್ಲಿ ಹುಡುಕುವ ಹಾಗೆ ಅದನ್ನು ಫೋನಿನಲ್ಲಿ ಟೈಪ್ ಮಾಡುವುದು. ಎರಡನ್ನೂ ಇದ್ದ ಹಾಗೇ ಬರೆದುಕೊಳ್ಳಬೇಕು. ಸರಿ, ತಪ್ಪು ಎಂದು ಗುರುತು ಹಾಕಿದರೆ ಅರ್ಧ ಮಾಹಿತಿ ಹೋಯಿತು, ಏಕೆಂದರೆ ಹೇಗೆ ತಪ್ಪಿತು ಎಂಬುದೇ ಇಲ್ಲಿ ಮುಖ್ಯ.

ಮೊದಲನೆಯ ಹೆಸರು ಇಂಥ ಪರೀಕ್ಷೆಯಲ್ಲಿ ನಾಲ್ಕು ಸರಪಳಿಯ ಕೊನೆಗೆ ನಾಲ್ಕು ರೂಪದಲ್ಲಿ ಬಂದು ನಿಲ್ಲುತ್ತದೆ: ಸೌಭಾಗ್ಯ ಹಾಲ್, ವೈಭವ ಹಾಲ್, ಭಾಗ್ಯ ಕನ್ವೆನ್ಷನ್, ‘ಅದೇ, ವೈಭವ ಏನೋ’. ನೆನಪಿನ ದೋಷಕ್ಕಿಂತ ಇದರಲ್ಲಿ ನಾಲಿಗೆಯ ಕೆಲಸ ಹೆಚ್ಚು. ಕನ್ನಡದಲ್ಲಿ ಜಾಗದ ಹೆಸರನ್ನು ಬರಿದಾಗಿ ಹೇಳುವುದು ಅಪರೂಪ. ಅದಕ್ಕೆ -ಕ್ಕೆ, -ಗೆ, -ದಲ್ಲಿ, -ದ ಹತ್ತಿರ ಏನಾದರೊಂದು ಅಂಟಬೇಕು. ‘ಸೌಭಾಗ್ಯ ವೈಭವ ಕನ್ವೆನ್ಷನ್ ಹಾಲ್‌ನಲ್ಲಿ’ ಎನ್ನುವುದು ಒಂದೇ ಉಸಿರಿಗೆ ಭಾರ. ವಿಭಕ್ತಿ ಸಲೀಸಾಗಿ ಅಂಟುವ ತನಕ ನಾಲಿಗೆ ಒಂದೊಂದೇ ಪದವನ್ನು ಕೆಳಗೆ ಹಾಕುತ್ತಾ ಹೋಗುತ್ತದೆ. ಅದರಲ್ಲೂ ಎರಡು ಪದ ಒಂದೇ ತೂಕದ ಹೊಗಳಿಕೆಗಳಾದರೆ, ಯಾವುದನ್ನು ಬಿಡಬೇಕೆಂದು ಒಬ್ಬೊಬ್ಬರು ಒಂದೊಂದು ತೀರ್ಮಾನ ಮಾಡುತ್ತಾರೆ. ಹೆಸರು ಚಿಕ್ಕದಾಗುವುದು ತೊಂದರೆಯಲ್ಲ. ಬೇರೆ ಬೇರೆ ಕಡೆ ಮುರಿದುಕೊಳ್ಳುವುದು ತೊಂದರೆ.

ಟೈಪ್ ಮಾಡುವಾಗ ಇನ್ನೊಂದು ಕಷ್ಟ. Sowbhagya, Soubhagya, Saubhagya ಮೂರೂ ರೂಢಿಯಲ್ಲಿವೆ, Vaibhava ಮತ್ತು Vybhava ಎರಡೂ ಇವೆ. ಬಾಯಲ್ಲಿ ಸರಿಯಾಗಿ ಬಂದವರೂ ಇಲ್ಲಿ ಚದುರುತ್ತಾರೆ. ಮ್ಯಾಪ್ ಸಣ್ಣಪುಟ್ಟ ತಪ್ಪನ್ನು ತಾನೇ ತಿದ್ದಿಕೊಳ್ಳಬಹುದು. ಆದರೆ ಅದೇ ಪದವಿರುವ ಬೇರೆ ಹಾಲ್ ಎಲ್ಲಿಯಾದರೂ ಇದ್ದರೆ ತಿದ್ದಿಕೊಂಡು ಅದನ್ನೇ ತೋರಿಸಲೂಬಹುದು. ಹೊಗಳಿಕೆಯ ಪದಗಳಲ್ಲಿ ಈ ಅಪಾಯ ಜಾಸ್ತಿ, ಎಲ್ಲರೂ ಅದೇ ಹತ್ತಿಪ್ಪತ್ತು ಪದಗಳಿಂದ ಆರಿಸಿಕೊಳ್ಳುವುದರಿಂದ.

‘ಅಂಗಳ’ ಸೋಲುವುದು ತದ್ವಿರುದ್ಧ ಕಾರಣಕ್ಕೆ. ಹೆಸರು ಪುಟ್ಟದು, ವಿಭಕ್ತಿ ಬೆಣ್ಣೆಯ ಹಾಗೆ ಹತ್ತುತ್ತದೆ, ಕೇಳಿದವರಿಗೆಲ್ಲ ಇಷ್ಟವಾಗುತ್ತದೆ. ಆದರೆ “ಮದುವೆ ಅಂಗಳದಲ್ಲಿ” ಎಂದಾಗ ಕೇಳುವವರಿಗೆ ಅದು ಹೆಸರೆಂದೇ ತಿಳಿಯುವುದಿಲ್ಲ. “ಯಾರ ಮನೆ ಅಂಗಳ?” ಎಂಬ ಪ್ರಶ್ನೆ ಎರಡನೆಯ ಬಾಯಿಯಲ್ಲೇ ಹುಟ್ಟುತ್ತದೆ. ಬರಹದಲ್ಲಾದರೆ ಉದ್ಧರಣ ಚಿಹ್ನೆಗಳ ನಡುವೆ ಹಾಕಿ ಹೆಸರೆಂದು ತೋರಿಸಬಹುದು, ಮಾತಿನಲ್ಲಿ ಆ ಸೌಕರ್ಯವಿಲ್ಲ. ತೋಟ, ಚಪ್ಪರ, ಮನೆ, ಸಂಭ್ರಮ ಇವುಗಳಿಗೆಲ್ಲ ಇದೇ ಗತಿ: ‘ಸಂಭ್ರಮದಲ್ಲಿ ಮದುವೆ’ ಎಂದರೆ ಸಡಗರದಿಂದ ಮದುವೆ ಎಂದೇ ಕಿವಿ ಹಿಡಿಯುತ್ತದೆ. ಸಾಮಾನ್ಯ ಪದವನ್ನೇ ಇಡಬೇಕೆನಿಸಿದರೆ, ಮಾಮೂಲಿ ಮಾತಿನಲ್ಲಿ ಅದರ ಜೊತೆ ಬಾರದ ಇನ್ನೊಂದು ಪದವನ್ನು ಮುಂದೆ ಕಟ್ಟಬೇಕು. ಆಗ ಕಿವಿ ಒಂದು ಕ್ಷಣ ನಿಂತು ‘ಓ, ಇದು ಹೆಸರು’ ಎಂದುಕೊಳ್ಳುತ್ತದೆ.

‘ಏಳು ಕಂಬ’ದಲ್ಲಿ ಆಗುವುದು ಅದೇ. ‘ಏಳು’ ಬೇರೆಯಾಗಿ ಸಾಮಾನ್ಯ, ‘ಕಂಬ’ ಬೇರೆಯಾಗಿ ಸಾಮಾನ್ಯ. ಸೇರಿದಾಗ ಇನ್ನೇನೂ ಆಗಲಾರದು. ಏಳು ಕಂಬಕ್ಕೆ ಬನ್ನಿ, ಏಳು ಕಂಬದಲ್ಲಿದ್ದೀವಿ, ಏಳು ಕಂಬ ದಾಟಿ ಎಡಕ್ಕೆ ತಿರುಗಿ, ಹೇಗೆ ಹೇಳಿದರೂ ಮುರಿಯುವುದಿಲ್ಲ. ಕೊನೆಯವರ ಬಾಯಲ್ಲಿ ‘ಏಳು ಕಂಬದ ಹಾಲ್’ ಆಗಬಹುದು, ಇಂಗ್ಲಿಷ್ ರೂಢಿಯವರು ‘ಸೆವೆನ್ ಪಿಲ್ಲರ್’ ಎನ್ನಬಹುದು. ಗಾಬರಿ ಬೇಡ, ಅರ್ಥ ಕೆಡದೆ ಭಾಷೆ ಬದಲಾದರೂ ಜನ ಬಂದು ನಿಲ್ಲುವುದು ಅದೇ ಬಾಗಿಲಿಗೆ.

ಟೈಪ್ ಮಾಡುವಾಗ ಮಾತ್ರ ಇದೂ ಒಡೆಯುತ್ತದೆ: Elu Kamba, Yelu Kamba, Elukamba. ಪದದ ಮೊದಲ ‘ಏ’ ಬಾಯಲ್ಲಿ ‘ಯೇ’ ಆಗುವುದರಿಂದ Y ಹಾಕುವವರು ಇರುತ್ತಾರೆ. ವ್ಯಾಕರಣದ ವಾದ ಬೇಡ, ಪಟ್ಟಿಯಲ್ಲಿ ಹೆಚ್ಚು ಜನ ಹೇಗೆ ಬರೆದಿದ್ದಾರೋ ಅದನ್ನೇ ಬೋರ್ಡಿಗೂ ಪತ್ರಿಕೆಗೂ ಮ್ಯಾಪಿಗೂ ಒಂದೇ ರೀತಿ ಬಳಸಬೇಕು. ಮ್ಯಾಪಿನಲ್ಲಿ ಹೆಸರಿನ ಹಿಂದೆ ‘ಮದುವೆ ಹಾಲ್ ಪಾರ್ಕಿಂಗ್ ಎಸಿ’ ಎಂದೆಲ್ಲ ಸೇರಿಸುವ ಆಸೆ ಬರುತ್ತದೆ. ಬೋರ್ಡಿನಲ್ಲಿಲ್ಲದ ಪದ ತುರುಕುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ.

ಪಟ್ಟಿ ಓದುವ ಲೆಕ್ಕ ಸುಲಭ. ನಾಲ್ಕರಲ್ಲಿ ಮೂರು ಸರಪಳಿ ಒಂದೇ ರೂಪ ಕೊಟ್ಟರೆ, ಆ ರೂಪ ನೀವಿಟ್ಟದ್ದಲ್ಲದಿದ್ದರೂ, ಅದೇ ಹೆಸರು. ಎರಡೆರಡಾಗಿ ಒಡೆದರೆ ಆ ಹೆಸರನ್ನು ಬಿಡುವುದು ಒಳ್ಳೆಯದು. ಶಬ್ದವೇ ಬದಲಾಗಿದ್ದರೆ ಫೋನಿನ ಗುಣವನ್ನೂ ಗಮನಿಸಿ. ಎಚ್‌ಡಿ ಅಲ್ಲದ ಹಳೆಯ ಮಾದರಿಯ ಫೋನ್ ಕರೆ 300ರಿಂದ 3400 ಹರ್ಟ್ಸ್‌ವರೆಗಿನ ದನಿಯನ್ನಷ್ಟೇ ಸಾಗಿಸುತ್ತದೆ. ‘ಸ’ಕಾರದ ಸೀಟಿಯ ಬಹುಭಾಗ ಅದಕ್ಕಿಂತ ಮೇಲಿರುವುದರಿಂದ, ಸ ಮತ್ತು ಶ ನಡುವಿನ ವ್ಯತ್ಯಾಸದ ಮೇಲೆ ನಿಂತ ಹೆಸರು ಗದ್ದಲದಲ್ಲಿ ಕೈಕೊಡುತ್ತದೆ. ಮಹಾಪ್ರಾಣ ಮಾತಿನಲ್ಲೇ ಸವೆದುಹೋಗುತ್ತದೆ, ‘ವೈಭವ’ ಬಹಳ ಜನರ ಬಾಯಲ್ಲಿ ‘ವೈಬವ’. ಸಂಖ್ಯೆ ಆರಿಸುವಾಗಲೂ ಎಚ್ಚರ ಬೇಕು. ಕಂಬ ಆರಿದ್ದಿದ್ದರೆ “ಆರು ಕಂಬ” ಎಂದಾಗ ಆ ಕಡೆಯಿಂದ “ಯಾರು?” ಎಂಬ ಉತ್ತರ ಬರುವ ಸಂಭವವಿತ್ತು.

ಇನ್ನು ಬೋರ್ಡು. ಬಾಯಿ ಹೇಳಿದ್ದನ್ನು ಕಣ್ಣು ಅಲ್ಲಿ ಖಚಿತ ಮಾಡಿಕೊಳ್ಳಬೇಕು. ಗಂಟೆಗೆ 40 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 11 ಮೀಟರ್ ಹೋಗುತ್ತದೆ. ಓದಿ, ವೇಗ ತಗ್ಗಿಸಿ, ತಿರುಗಿಸಲು ಐದು ಸೆಕೆಂಡ್ ಎಂದರೆ 55 ಮೀಟರ್, ಅಂದರೆ 180 ಅಡಿ ದೂರದಿಂದಲೇ ಹೆಸರು ಕಾಣಬೇಕು. ಬೋರ್ಡು ಬರೆಯುವವರ ಅಂದಾಜಿನ ಪ್ರಕಾರ ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಆರಾಮವಾಗಿ ಓದಲು ಸಿಗುತ್ತದೆ, ಆ ಲೆಕ್ಕಕ್ಕೆ ಇಲ್ಲಿ 18 ಇಂಚು. ‘ಏಳು ಕಂಬ’ ನಾಲ್ಕೇ ಅಕ್ಷರ, ಒತ್ತಕ್ಷರವೂ ಇಲ್ಲ. ಮೂರು ಅಡಿ ಎತ್ತರದ ಬೋರ್ಡಿನಲ್ಲಿ 18 ಇಂಚಿನ ಅಕ್ಷರ ಹಾಕಿದರೂ ಮೇಲೆ ಕೆಳಗೆ ಜಾಗ ಉಳಿಯುತ್ತದೆ. ‘ಸೌಭಾಗ್ಯ’ದ ಗ್ಯ, ‘ಕನ್ವೆನ್ಷನ್’ನ ನ್ವೆ, ನ್ಷ ಕೆಳಗೆ ಇನ್ನೊಂದು ಅಂತಸ್ತು ಕೇಳುತ್ತವೆ. ಅದಕ್ಕೆ ಜಾಗ ಬಿಟ್ಟಾಗ ಮೇಲಿನ ಅಕ್ಷರವೂ ಕುಗ್ಗಬೇಕಾಗುತ್ತದೆ, ಹನ್ನೆರಡು ಅಕ್ಷರಗಳ ಅಗಲ ಬೇರೆ. ಹಿರಿಯರ ಹೆಸರು, ಸಂಸ್ಥೆಯ ಹೆಸರು ಇರಬೇಕೆಂದರೆ ಕೆಳಗೆ ಆರಿಂಚಿನ ಅಕ್ಷರದಲ್ಲಿ ಇರಲಿ. ಬಾಗಿಲಿಗೆ ಬಂದವರು ನಿಂತು ಓದುತ್ತಾರೆ.

ಕಣ್ಣಿಗೆ ಕಾಣುವ ವಸ್ತುವಿನ ಮೇಲೆ ಹೆಸರಿಟ್ಟರೆ ಅದನ್ನು ಕಾಯುವ ಜವಾಬ್ದಾರಿಯೂ ಸೇರಿ ಬರುತ್ತದೆ. ಗೋಡೆಯ ಬಣ್ಣ ಮುಂದಿನ ಸಲ ಬದಲಾಗುತ್ತದೆ, ಮರ ಬೀಳುತ್ತದೆ, ‘ಹೊಸ’ ಎಂಬುದು ಹಳತಾಗುತ್ತದೆ. ಕಂಬಕ್ಕೆ ಆ ಭಯವಿಲ್ಲ, ಆದರೆ ಅದಕ್ಕೂ ಒಂದು ವಿಚಿತ್ರ ಗಂಡಾಂತರವಿದೆ: ಜನ ಹುಡುಕಿಕೊಂಡು ಬರುವ ದಿನವೇ ಅಲಂಕಾರದವರು ಬಟ್ಟೆ ಸುತ್ತಿ ಕಂಬಗಳನ್ನು ಮುಚ್ಚಿಬಿಡುತ್ತಾರೆ. ಎರಡು ತುದಿಯ ಕಂಬಗಳನ್ನಾದರೂ ಮುಚ್ಚಬಾರದೆಂದು ಬುಕಿಂಗ್ ಕರಾರಿನಲ್ಲೇ ಬರೆದಿಡಬೇಕು, ರಾತ್ರಿ ಏಳಕ್ಕೂ ಬುಡದಿಂದ ದೀಪ ಬೀಳಬೇಕು. ಮಕ್ಕಳು ನಿಜವಾಗಿಯೂ ಎಣಿಸುತ್ತಾರೆ, ಆದ್ದರಿಂದ ಗೇಟಿನ ಪಕ್ಕ ಎಂಟನೆಯದೊಂದನ್ನು ನಿಲ್ಲಿಸುವ ಹುಮ್ಮಸ್ಸು ಬಂದರೆ ತಡೆದುಕೊಳ್ಳಿ.

ಈಗಾಗಲೇ ನಡೆಯುತ್ತಿರುವ ಹಾಲ್‌ಗೆ ಹೆಸರು ಬದಲಿಸುವುದಾದರೆ ಹಳೆಯ ಹೆಸರಿನಲ್ಲಿ ಪತ್ರಿಕೆ ಅಚ್ಚಾದ ಮದುವೆಗಳೆಲ್ಲ ಮುಗಿಯಲಿ. ಆಮೇಲೂ ಹಳೆಯ ಹೆಸರು ಬೋರ್ಡಿನ ಮೂಲೆಯಲ್ಲಿ ಕೆಲವು ವರ್ಷ ಉಳಿಯಬೇಕು, ಸುತ್ತಮುತ್ತಲಿನವರು ದಾರಿ ತೋರಿಸುವುದು ಅದರಿಂದಲೇ.

ಹಾಲ್ ತೆರೆದ ಮೂರು ತಿಂಗಳಿಗೆ ಹತ್ತಿರದ ಎರಡು ಮೂರು ತಿರುವುಗಳಲ್ಲಿ ನಿಂತು “ಇಲ್ಲಿ ಮದುವೆ ಹಾಲ್ ಎಲ್ಲಿದೆ?” ಎಂದು ಅಪರಿಚಿತರಂತೆ ಕೇಳಬೇಕು. ಹೆಸರನ್ನು ನಾವಾಗಿ ಹೇಳಬಾರದು. “ಏಳು ಕಂಬಾನಾ?” ಎಂದರೆ ಸರಿ. “ನೀರಿನ ಟ್ಯಾಂಕ್ ಪಕ್ಕದ್ದಾ?” ಎಂಬ ಉತ್ತರವೇ ಹೆಚ್ಚಾದರೆ, ಪತ್ರಿಕೆಗೆ ಕೊಡುವ ವಿಳಾಸದಲ್ಲಿ ‘ಏಳು ಕಂಬ, ನೀರಿನ ಟ್ಯಾಂಕ್ ಪಕ್ಕ’ ಎಂದು ಸೇರಿಸಬೇಕು. ಹಾಗೆಯೇ ಹಾಲ್‌ನ ಫೋನ್ ಎತ್ತುವವರು ಏನು ಹೇಳುತ್ತಾರೆಂದು ಒಮ್ಮೆ ಕರೆಮಾಡಿ ಕೇಳಿ. ‘ಹಲೋ, ಹೇಳಿ’ ಎನ್ನುತ್ತಿದ್ದರೆ, ಇನ್ನು ಮೇಲೆ ಮೊದಲ ಮಾತು ‘ಏಳು ಕಂಬ, ನಮಸ್ಕಾರ’ ಆಗಿರಲಿ ಎಂದು ಹೇಳಿಡಿ.